ಅಜ್ಜಿಯಿಂದ ಬಂದ ಬೀಸುವ ಯಂತ್ರ: ಸವೆತ ನೋಡಿ ಗುರುತಿಸಿದ್ದು, ಮತ್ತೆ ತಿರುಗುವಂತೆ ಮಾಡಿದ್ದು

ಮೇಜಿನ ಅಂಚಿಗೆ ಬಿಗಿಯುವ ಹಿಡಿಕಟ್ಟು, ಮೇಲೆ ಬಟ್ಟಲಿನಂಥ ಬಾಯಿ, ಅದರ ಕೆಳಗೆ ಅಡ್ಡಲಾಗಿ ಮಲಗಿದ ಕೊಳವೆ, ಕೊಳವೆಯೊಳಗೆ ಸುರುಳಿ ಸುತ್ತಿದ ದಂಡ, ದಂಡದ ಹಿಂದಿನ ತುದಿಗೆ ಮರದ ಹಿಡಿಯ ಕೈ. ಅಜ್ಜಿಯ ಸಾಮಾನುಗಳಲ್ಲಿ ನನ್ನ ಪಾಲಿಗೆ ಬಂದ ಎರಕದ ಕಬ್ಬಿಣದ ಯಂತ್ರದಲ್ಲಿ ಮೊದಲ ನೋಟಕ್ಕೆ ಕಂಡದ್ದು ಇಷ್ಟೇ. ಮುಂಭಾಗ, ಅಂದರೆ ಪದಾರ್ಥ ಹೊರಬೀಳಬೇಕಾದ ಕಡೆ, ಬೋಳಾಗಿ ಕಾಣುತ್ತಿತ್ತು. ಜೊತೆಗೆ ಬಂದ ತಗಡಿನ ಡಬ್ಬಿಯಲ್ಲಿ ಬಿಡಿಭಾಗಗಳೆಂದು ತೋರುವ ಹಲವು ಚೂರುಗಳಿದ್ದವು: ಗೀರುಗಳಿದ್ದ ದಪ್ಪನೆಯ ಬಿಲ್ಲೆಯೊಂದು, ತೂತುಗಳಿದ್ದ ತೆಳುವಾದ ಬಿಲ್ಲೆಯೊಂದು, ತುಕ್ಕು ಹಿಡಿದ ಬೋಲ್ಟುಗಳು. ಅದು ಕಾಫಿ ಬೀಜದ ಯಂತ್ರವೆಂದು ಚಿಕ್ಕಮ್ಮ ಹೇಳಿದರು. ಮಾಂಸ ಕೊಚ್ಚುವ ಯಂತ್ರವೆಂದು ಸೋದರಮಾವ ಹೇಳಿದರು. ಅದು ತಿರುಗುವುದನ್ನು ಇಬ್ಬರೂ ಕಣ್ಣಾರೆ ಕಂಡಿರಲಿಲ್ಲ.

ಇಂಥ ಯಂತ್ರಗಳು ಮೇಲ್ನೋಟಕ್ಕೆ ಒಂದೇ ರೀತಿ ಇರುತ್ತವೆ. ಮಾಂಸ ಕೊಚ್ಚುವುದು, ಧಾನ್ಯ ಬೀಸುವುದು, ಕಾಫಿ ಪುಡಿ ಮಾಡುವುದು, ಈ ಮೂರಕ್ಕೂ ಹಿಡಿಕಟ್ಟು, ಬಾಯಿ, ಕೊಳವೆ, ಸುರುಳಿದಂಡ ಬೇಕೇ ಬೇಕು. ತೆಂಗಿನಕಾಯಿ ತುರಿಯುವ ಮೇಜಿನ ಯಂತ್ರವನ್ನು ಮಾತ್ರ ಸುಲಭವಾಗಿ ಬದಿಗಿಡಬಹುದು, ಏಕೆಂದರೆ ಅದಕ್ಕೆ ಬಾಯಿಯೂ ಇಲ್ಲ, ಕೊಳವೆಯೂ ಇಲ್ಲ. ದಂಡದ ತುದಿಯಲ್ಲಿ ಹಲ್ಲುಗಳಿರುವ ಗುಮ್ಮಟದಾಕಾರದ ಅಲಗುಗಳಿರುತ್ತವೆ, ಕಾಯಿಯ ಹೋಳನ್ನು ಕೈಯಲ್ಲಿ ಹಿಡಿದು ಅದಕ್ಕೆ ಒತ್ತಬೇಕಾಗುತ್ತದೆ. ಉಳಿದ ಮೂರನ್ನು ಬೇರ್ಪಡಿಸಲು ಬಹಳ ಮಂದಿ ಮೊದಲು ಅಕ್ಷರ, ಅಂಕಿ, ಮುದ್ರೆಗಳನ್ನು ಹುಡುಕುತ್ತಾರೆ. ಮುದ್ರೆ ಸಿಕ್ಕರೆ ಒಳ್ಳೆಯದೇ, ಆದರೆ ಎರಕದಲ್ಲಿ ಉಬ್ಬಿ ನಿಂತ ಒಂಟಿ ಅಂಕಿ ಸಾಮಾನ್ಯವಾಗಿ ಅಳತೆಯ ಅಥವಾ ಅಚ್ಚಿನ ಸಂಖ್ಯೆಯೇ ಹೊರತು ತಯಾರಾದ ವರ್ಷವಲ್ಲ. ಯಂತ್ರ ಏನು ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಸವೆತದಲ್ಲಿದೆ. ತಿರುಗುವಾಗ ದಂಡದ ಮೇಲೆ ಒತ್ತಡ ಯಾವ ಕಡೆಗೆ ಬೀಳುತ್ತಿತ್ತೋ ಆ ಕಡೆ ಕಬ್ಬಿಣ ನುಣುಪಾಗಿರುತ್ತದೆ, ಮತ್ತು ಆ ದಿಕ್ಕು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿರುತ್ತದೆ.

ಮಾಂಸ ಕೊಚ್ಚುವ ಯಂತ್ರದಲ್ಲಿ ಸುರುಳಿಯು ಪದಾರ್ಥವನ್ನು ಮುಂದಕ್ಕೆ ತಳ್ಳಿ, ಕೊಳವೆಯ ಮುಂದಿನ ಬಾಯಿಗೆ ಬಿಗಿದ ತೂತುಬಿಲ್ಲೆಗೆ ಒತ್ತುತ್ತದೆ. ಬಿಲ್ಲೆ ತಿರುಗುವುದಿಲ್ಲ, ಕೊಳವೆಯ ಹೊರಮೈಯಲ್ಲಿರುವ ದಪ್ಪ ಥ್ರೆಡ್ಡಿಗೆ ಕೂರುವ ದೊಡ್ಡ ಉಂಗುರ ಅದನ್ನು ಹಿಡಿದಿರುತ್ತದೆ. ಪದಾರ್ಥವನ್ನು ಮುಂದಕ್ಕೆ ತಳ್ಳಿದಷ್ಟೂ ದಂಡ ಹಿಂದಕ್ಕೆ, ಅಂದರೆ ಕೈ ಇರುವ ಕಡೆಗೆ ಒದೆಸಿಕೊಳ್ಳುತ್ತದೆ. ಆದ್ದರಿಂದ ಸವೆತವು ದಂಡದ ಹಿಂದಿನ ಭುಜದಲ್ಲಿ, ಅದು ಕೊಳವೆಯ ಹಿಂಗೋಡೆಗೆ ತಾಗುವ ಜಾಗದಲ್ಲಿ ಕಾಣುತ್ತದೆ. ದಂಡದ ಮುಂದಿನ ತುದಿ ಚೌಕವಾಗಿದ್ದು, ಅದಕ್ಕೆ ನಾಲ್ಕು ಅಲಗಿನ ಚೂರಿ ಕೂರುತ್ತದೆ. ಪದಾರ್ಥವು ಸುರುಳಿಯ ಜೊತೆಗೇ ಸುತ್ತದೆ ಮುಂದೆ ಸಾಗಲೆಂದು ಕೊಳವೆಯ ಒಳಮೈಯಲ್ಲಿ ಉದ್ದುದ್ದ ಏಣುಗಳಿರುತ್ತವೆ.

ಧಾನ್ಯದ ಯಂತ್ರದ ಬಗೆ ಬೇರೆ. ಸುರುಳಿಯ ಕೆಲಸ ಕಾಳನ್ನು ಮುಂದೆ ಸಾಗಿಸುವುದಷ್ಟೆ. ಕೊಳವೆಯ ಬಾಯಿಯಲ್ಲಿ ಅಲುಗಾಡದ ಗೀರುಬಿಲ್ಲೆಯೊಂದು, ಅದರ ಎದುರಿಗೆ ದಂಡದ ಜೊತೆ ತಿರುಗುವ ಗೀರುಬಿಲ್ಲೆ ಇನ್ನೊಂದು. ಮೊದಲ ಬಿಲ್ಲೆಯ ನಡುವಿನ ತೂತಿನಿಂದ ಕಾಳು ಎರಡರ ಸಂದಿಗೆ ಬಂದು, ಅಂಚಿನ ಕಡೆಗೆ ಸರಿಯುತ್ತ ಒಡೆದು ಪುಡಿಯಾಗುತ್ತದೆ. ಗಟ್ಟಿ ಕಾಳು ಒಡೆಯುವ ಮುನ್ನ ಎರಡು ಬಿಲ್ಲೆಗಳನ್ನೂ ಅಗಲಿಸಲು ನೋಡುವುದರಿಂದ ಹೊರಬಿಲ್ಲೆಯೂ ಅದಕ್ಕೆ ಸೇರಿದ ದಂಡವೂ ಮುಂದಕ್ಕೆ ತಳ್ಳಲ್ಪಡುತ್ತವೆ. ಆ ತಳ್ಳನ್ನು ತಡೆಯಲು ಮುಂದೆ ಒಂದು ಅಡ್ಡಪಟ್ಟಿ, ಅದರ ನಡುವೆ ಒಂದು ತಿರುಪು ಇರುತ್ತದೆ. ನುಣ್ಣಗೆ ಬೇಕಾದರೆ ತಿರುಪನ್ನು ಬಿಗಿಯುತ್ತಾರೆ, ತರಿತರಿಯಾಗಿ ಬೇಕಾದರೆ ಸಡಿಲಿಸುತ್ತಾರೆ. ಆದ್ದರಿಂದ ಸವೆತವು ದಂಡದ ಮುಂದಿನ ತುದಿಯಲ್ಲಿ ಕಾಣಬೇಕು.

ನನ್ನ ಯಂತ್ರದ ಕೈಯನ್ನು ಹಿಡಿದಿದ್ದ ತಿರುಪಿಗೆ ಸೀಮೆಎಣ್ಣೆ ಬಿಟ್ಟು, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಮರದ ಸುತ್ತಿಗೆಯಿಂದ ಹಗುರಾಗಿ ತಟ್ಟಿ ಬಿಡಿಸಿದೆ. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಹಿಡಿಕಟ್ಟಿನ ಕತ್ತಿನ ಬಳಿ ಕಬ್ಬಿಣದ ಸುತ್ತಿಗೆ ಬಿದ್ದರೆ ಆ ಯಂತ್ರದ ಕಥೆ ಅಲ್ಲಿಗೇ ಮುಗಿಯಬಹುದು. ದಂಡವನ್ನು ಮುಂದಿನಿಂದ ಎಳೆದು ಒರೆಸಿ ನೋಡಿದಾಗ ಹಿಂದಿನ ಭುಜದಲ್ಲಿ ಎರಕದ ಒರಟು ಹಾಗೆಯೇ ಉಳಿದಿತ್ತು. ಮುಂದಿನ ತುದಿಯಲ್ಲಿ ಮಾತ್ರ ಬಟಾಣಿಯ ಅರ್ಧದಷ್ಟು ಗುಂಡನೆಯ ಕುಳಿಯೊಂದಿದ್ದು, ಸುತ್ತಲೆಲ್ಲ ತುಕ್ಕು ತುಂಬಿದ್ದರೂ ಅದರೊಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ತುದಿಯಿಂದ ಸ್ವಲ್ಪ ಹಿಂದೆ ದಂಡವನ್ನು ಅಡ್ಡಲಾಗಿ ತೂರಿ ಹೋಗುವ ತೂತೊಂದಿತ್ತು. ಕೊಳವೆಯ ಹೊರಮೈಯಲ್ಲಿ ಉಂಗುರಕ್ಕೆ ಬೇಕಾದ ಥ್ರೆಡ್ ಇರಲಿಲ್ಲ, ಒಳಮೈಯಲ್ಲಿ ಏಣುಗಳೂ ಇರಲಿಲ್ಲ. ಕೊಳವೆಯ ಬಾಯಿಯ ಎರಡು ಪಕ್ಕಕ್ಕೆ ಕಿವಿಗಳಂತೆ ಚಾಚಿದ ಎರಡು ಗಂಟುಗಳಿದ್ದು, ಎರಡರಲ್ಲೂ ಬೋಲ್ಟು ಕೂರುವ ಥ್ರೆಡ್ ಇದ್ದ ತೂತುಗಳಿದ್ದವು. ಸೋದರಮಾವನ ಊಹೆಗೆ ಇಲ್ಲಿ ಜಾಗ ಉಳಿಯಲಿಲ್ಲ.

ಡಬ್ಬಿಯಲ್ಲಿದ್ದ ತೂತುಬಿಲ್ಲೆ ಮಾತ್ರ ಮಾಂಸದ ಯಂತ್ರದ್ದೇ ಆಗಿತ್ತು. ಅದರ ಅಂಚಿನಲ್ಲಿ ತಿರುಗದಂತೆ ತಡೆಯುವ ಕಚ್ಚು, ನಡುವೆ ದಂಡದ ಮೊಳೆ ಕೂರುವ ತೂತು, ಅಡ್ಡಳತೆ 62 ಮಿಲಿಮೀಟರ್. ಇದು 8ನೇ ಸಂಖ್ಯೆಯ ಕೊಚ್ಚುಯಂತ್ರದ ಅಳತೆ. ಇಂಥ ಬಿಲ್ಲೆಗಳ ಅಳತೆಗಳು ಬಹುಮಟ್ಟಿಗೆ ನಿಗದಿಯಾಗಿವೆ: 5ನೇ ಸಂಖ್ಯೆಗೆ ಸುಮಾರು 54, 12ನೇದಕ್ಕೆ ಸುಮಾರು 70, 22ನೇದಕ್ಕೆ ಸುಮಾರು 82 ಮಿಲಿಮೀಟರ್. ನನ್ನ ಯಂತ್ರದ ಕೊಳವೆಯ ಬಾಯಿಯಲ್ಲಿರುವ ತಗ್ಗು 90 ಮಿಲಿಮೀಟರ್ ಇದ್ದುದರಿಂದ, ಅಜ್ಜಿಯ ಬಳಿ ಹಿಂದೆ ಇನ್ನೊಂದು ಯಂತ್ರವೂ ಇತ್ತೆಂದು ತಿಳಿದು ಆ ಬಿಲ್ಲೆಯನ್ನು ಬೇರೆಯಾಗಿ ತೆಗೆದಿಟ್ಟೆ. ಹಳೆಯ ಸಾಮಾನಿನ ಡಬ್ಬಿಯಲ್ಲಿ ಜೊತೆಗಿರುವುದೆಲ್ಲ ಒಂದೇ ಯಂತ್ರಕ್ಕೆ ಸೇರಿದ್ದೆಂದು ಭಾವಿಸಬಾರದು. ಗೀರುಬಿಲ್ಲೆಯ ವಿಷಯದಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. ಯಂತ್ರದ ಬಾಯಿಯ ಹೊರಮೈಯಲ್ಲಿ 2 ಎಂಬ ಅಂಕಿ ಉಬ್ಬಿ ನಿಂತಿತ್ತು. ಬಿಲ್ಲೆಯ ಬೆನ್ನಿನಲ್ಲೂ ಅದೇ ಆಕಾರದ 2 ಇತ್ತು, ಮತ್ತು ಅದೇ ಬೆನ್ನಿನಲ್ಲಿ ದಂಡದ ಅಡ್ಡಮೊಳೆ ಕೂರುವ ತೋಡು ಸಹ ಇತ್ತು. ಅಂಕಿ ವರ್ಷವನ್ನು ಹೇಳದಿದ್ದರೂ ಜೋಡಿಯನ್ನು ಹೇಳಿತು.

ಇನ್ನು ಉಳಿದದ್ದು ಕಾಫಿಯೋ ಧಾನ್ಯವೋ ಎಂಬ ಪ್ರಶ್ನೆ. ಎರಡನ್ನೂ ಬೀಸುವುದು ಗೀರುಬಿಲ್ಲೆಗಳೇ ಆದ್ದರಿಂದ ಒತ್ತಡದ ದಿಕ್ಕು ಇಲ್ಲಿ ಉತ್ತರ ಕೊಡುವುದಿಲ್ಲ. ಅಲುಗದ ಬಿಲ್ಲೆ ಬಾಯಿಯ ತಗ್ಗಿನಲ್ಲೇ ತುಕ್ಕು ಹಿಡಿದು ಕೂತಿತ್ತು. ಅದನ್ನು ಎಬ್ಬಿಸಿದಾಗ ಬೆನ್ನಿನಲ್ಲಿ, ಒಂದು ಪಕ್ಕದಲ್ಲಿ ಮಾತ್ರ, ಬೂದುಬಣ್ಣದ ಗಟ್ಟಿ ಹೆಂಟೆ ಕಂಡಿತು. ಯಂತ್ರ ತೊಳೆಯುವವರು ಈ ಹೆಂಟೆಯನ್ನು ಮೊದಲು ಉಜ್ಜಿ ಚೆಲ್ಲುತ್ತಾರೆ. ಗುರುತಿಸುವ ಕೆಲಸಕ್ಕೆ ಅದಕ್ಕಿಂತ ಬೆಲೆಯುಳ್ಳದ್ದು ಯಂತ್ರದಲ್ಲಿ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ಚೂರೊಂದನ್ನು ಬಿಳಿ ತಟ್ಟೆಯ ಮೇಲೆ ಪುಡಿ ಮಾಡಿ, ಒಂದೆರಡು ಹನಿ ಬಿಸಿನೀರಿನಲ್ಲಿ ಕದಡಿ, ತಣ್ಣಗಾದ ಮೇಲೆ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಒಂದು ಹನಿ ಬಿಟ್ಟೆ. ಕಂದು ಬಣ್ಣದ ಹನಿ ಅಂಚಿನಿಂದ ಒಳಗೊಳಗೆ ನೀಲಿಗಪ್ಪಾಯಿತು. ಪಿಷ್ಟವಿದ್ದಲ್ಲಿ ಅಯೋಡಿನ್ ಹೀಗೆ ಬಣ್ಣ ತಿರುಗುತ್ತದೆ. ಹೋಲಿಸಲೆಂದು ಪಕ್ಕದಲ್ಲಿ ಹಾಕಿದ್ದ ಹುರಿದ ಕಾಫಿಪುಡಿ ಆ ನೀಲಿಯನ್ನು ತೋರಲಿಲ್ಲ. ಅದು ನೀರನ್ನು ಕಂದು ಮಾಡಿ, ಎಣ್ಣೆಯ ಜಿಡ್ಡನ್ನು ಮೇಲೆ ತೇಲಿಸಿತು.

ಈ ಪರೀಕ್ಷೆಗೂ ಒಂದು ಮಿತಿಯಿದೆ. ಮೆಣಸಿನಂಥ ಸಂಬಾರ ಪದಾರ್ಥಗಳಲ್ಲೂ ಪಿಷ್ಟವಿರುವುದರಿಂದ ನೀಲಿ ಬಣ್ಣವೊಂದೇ ಧಾನ್ಯವೆಂದು ಸಾಧಿಸುವುದಿಲ್ಲ. ಆದ್ದರಿಂದ ಹೆಂಟೆಯ ಇನ್ನೊಂದು ಚೂರನ್ನು ಭೂತಗನ್ನಡಿಯ ಕೆಳಗೆ ಸೂಜಿಯಿಂದ ಬಿಡಿಸಿ ನೋಡಿದೆ. ಬೂದು ಹಿಟ್ಟಿನ ನಡುವೆ ತೆಳುವಾದ, ಅಂಚು ಮುರಿದ, ಅರೆಪಾರದರ್ಶಕವಾದ ಹೊಟ್ಟಿನ ಚೂರುಗಳು ಪದರು ಪದರಾಗಿ ಸೇರಿಕೊಂಡಿದ್ದವು. ಬಿಲ್ಲೆಯ ಗೀರುಗಳು ನಡುವಿನಲ್ಲಿ ಕಾಳೊಂದು ಇಡಿಯಾಗಿ ಇಳಿಯುವಷ್ಟು ಆಳವಾಗಿದ್ದು, ಅಂಚಿನತ್ತ ಹೋದಂತೆ ತೆಳುವಾಗಿ ಮುಗಿಯುತ್ತಿದ್ದವು. ಪಿಷ್ಟ, ಹೊಟ್ಟು, ಗೀರಿನ ಆಳ ಮೂರೂ ಒಂದೇ ಕಡೆ ಬೆರಳು ತೋರಿದ ಮೇಲೆ, ಇದು ಒಣಧಾನ್ಯ ಬೀಸುವ ಕೈಯಂತ್ರವೆಂದು ಬರೆದಿಟ್ಟುಕೊಂಡೆ.

ಬಿಲ್ಲೆಗಳ ಮುಖ ಇನ್ನೂ ಒಂದು ವಿಷಯ ಹೇಳಿತು. ಎರಡು ಬಿಲ್ಲೆಗಳೂ ಅಂಚಿನಲ್ಲಿ ಒಂದಕ್ಕೊಂದು ಉಜ್ಜಿಕೊಂಡಿದ್ದರೆ ಯಂತ್ರವನ್ನು ಬಿಗಿಯಾಗಿಟ್ಟು ನುಣ್ಣನೆಯ ಹಿಟ್ಟು ಮಾಡಲು ಯತ್ನಿಸಿದ್ದಾರೆಂದು ಅರ್ಥ; ಅಂಚು ಹಾಗೇ ಉಳಿದು ನಡುವಿನ ಗೀರುಗಳ ಮೂಲೆಗಳಷ್ಟೆ ದುಂಡಾಗಿದ್ದರೆ ನುಚ್ಚು ಒಡೆಯಲು ಬಳಸಿದ್ದಾರೆಂದು ಅರ್ಥ. ಇಲ್ಲಿ ಅಲುಗದ ಬಿಲ್ಲೆಯ ಅಂಚು ಹೊಳೆಯುತ್ತಿತ್ತು, ಆದರೆ ಸುತ್ತಲೂ ಅಲ್ಲ; ಬಿದಿಗೆ ಚಂದ್ರನ ಆಕಾರದಲ್ಲಿ ಒಂದು ಪಕ್ಕಕ್ಕೆ ಮಾತ್ರ. ತಿರುಗುವ ಬಿಲ್ಲೆಯ ಅಂಚು ಸುತ್ತಲೂ ಸಮನಾಗಿ ಹೊಳೆಯುತ್ತಿತ್ತು. ಒಂದರಲ್ಲಿ ಪೂರ್ಣವೃತ್ತ, ಇನ್ನೊಂದರಲ್ಲಿ ಅರೆಚಂದ್ರ ಕಂಡರೆ ಅಲುಗದ ಬಿಲ್ಲೆಯೇ ವಾರೆಯಾಗಿ ಕೂತಿತ್ತೆಂದು ತಿಳಿಯಬೇಕು, ಏಕೆಂದರೆ ಅದರ ಎತ್ತರದ ಭಾಗವೊಂದೇ ಎದುರಿನ ಬಿಲ್ಲೆಯ ಇಡೀ ಅಂಚನ್ನು ಸುತ್ತು ಸುತ್ತಿಗೂ ಉಜ್ಜುತ್ತಿರುತ್ತದೆ. ಹೊಳಪಿನ ಬೆನ್ನಿಗೆ ಸರಿಯಾಗಿ ಆ ಹೆಂಟೆ ಇತ್ತು. ಹಿಟ್ಟು ಹಿಂದಕ್ಕೆ ನುಗ್ಗಿ, ತೇವಕ್ಕೆ ಗಟ್ಟಿಯಾಗಿ, ಬಿಲ್ಲೆಯನ್ನು ಒಂದು ಪಕ್ಕಕ್ಕೆ ಎತ್ತಿತ್ತು. ಹೀಗಾದ ಯಂತ್ರದಲ್ಲಿ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ತರಿ ಬೀಳುತ್ತದೆ, ಕೈ ತಿರುಗಿಸಲು ಭಾರವಾಗುತ್ತದೆ. ಅಜ್ಜಿ ಇದನ್ನು ಬದಿಗಿಟ್ಟದ್ದಕ್ಕೆ ಅದೇ ಕಾರಣವಿರಬಹುದು.

ಶುಚಿಗೊಳಿಸುವ ಮೊದಲು ಮೈಮೇಲಿನ ಲೇಪಗಳನ್ನು ನೋಡಬೇಕು. ಹೊರಮೈಯಲ್ಲಿ ಎದ್ದುಬರುತ್ತಿದ್ದ ಹಸಿರು ಬಣ್ಣದಲ್ಲಿ ಸೀಸ ಇದ್ದಿರಬಹುದೆಂದೇ ನಡೆದುಕೊಂಡೆ: ಒಣಗಿದ್ದಂತೆಯೇ ಉಜ್ಜಲಿಲ್ಲ, ಒದ್ದೆ ಮಾಡಿ ಕೆರೆದು, ಬಿದ್ದದ್ದನ್ನು ಕಾಗದದಲ್ಲಿ ಮುಚ್ಚಿ ತೆಗೆದೆ, ಮೂಗಿಗೆ ಮುಖಗವಸು, ಕೈಗೆ ಕೈಗವಸು ಇದ್ದವು. ಒಳಮೈಯಲ್ಲಿ ಬಣ್ಣವಿರಲಿಲ್ಲ, ಬಾಯಿಯ ಒಳಗೆ ಅಲ್ಲಲ್ಲಿ ಬೆಳ್ಳಿಬೂದಿನ ಲೇಪ ಉಳಿದಿತ್ತು. ಅದು ತವರದ ಕಲಾಯಿಯೋ ಸತುವಿನ ಲೇಪವೋ ಎಂದು ತಿಳಿಯಲು ಒಂದು ಹನಿ ವಿನೆಗರ್ ಬಿಟ್ಟು ಕೆಲವು ನಿಮಿಷ ಕಾದೆ. ಸತುವಾಗಿದ್ದರೆ ಸಣ್ಣ ಗುಳ್ಳೆಗಳೆದ್ದು ಮಂಕಾದ ಕಲೆ ಬೀಳುತ್ತದೆ, ಇಲ್ಲಿ ಹಾಗಾಗಲಿಲ್ಲ. ಕಾಳು ಹಾಯುವ ದಾರಿಯಲ್ಲಿ ಎಲ್ಲಿಯಾದರೂ ಬೆಸುಗೆ ಹಾಕಿದ ತೇಪೆ ಕಂಡಿದ್ದರೆ ಇದನ್ನು ತಿನ್ನುವ ಪದಾರ್ಥಕ್ಕೆ ಬಳಸುವ ಯೋಚನೆಯನ್ನೇ ಬಿಡುತ್ತಿದ್ದೆ, ಏಕೆಂದರೆ ಹಳೆಯ ಬೆಸುಗೆಯಲ್ಲಿ ಸೀಸ ಬೆರೆತಿರುವುದು ಸಾಮಾನ್ಯ.

ಕಲಾಯಿ ಉಳಿದ ಕಡೆ ಬಿಸಿನೀರು, ಗಟ್ಟಿ ಕೂದಲಿನ ಬ್ರಷ್ ಮಾತ್ರ ಬಳಸಿದೆ. ಲೇಪವಿಲ್ಲದ ಎರಡು ಗೀರುಬಿಲ್ಲೆಗಳನ್ನು 5 ಶೇಕಡಾ ಆಮ್ಲದ ಸಾಮಾನ್ಯ ವಿನೆಗರಿನಲ್ಲಿ ಮುಳುಗಿಸಿ, ಗಂಟೆಗೊಮ್ಮೆ ತೆಗೆದು ಉಜ್ಜುತ್ತ, ಗೀರಿನ ತಳದಲ್ಲಿ ಕಬ್ಬಿಣದ ಬೂದುಬಣ್ಣ ಕಂಡ ಕೂಡಲೇ ಹೊರತೆಗೆದೆ. ಮರೆತು ದಿನಗಟ್ಟಲೆ ಬಿಟ್ಟರೆ ಆಮ್ಲ ತುಕ್ಕಿನ ನಂತರ ಕಬ್ಬಿಣವನ್ನೇ ತಿಂದು ಗೀರಿನ ಚೂಪನ್ನು ಕಳೆಯುತ್ತದೆ. ಆಮೇಲೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ, ತೊಳೆದು, ಒಲೆಯ ಸಣ್ಣ ಉರಿಯ ಬಳಿ ಪೂರ್ತಿ ಒಣಗಿಸಿದೆ. ಸ್ವಲ್ಪ ತೇವ ಉಳಿದರೂ ಹೊಸದಾಗಿ ಬಯಲಾದ ಕಬ್ಬಿಣ ನೋಡನೋಡುತ್ತಿದ್ದಂತೆ ಕೆಂಪಾಗುತ್ತದೆ.

ಕಳೆದುಹೋಗಿದ್ದ ಅಡ್ಡಪಟ್ಟಿಯನ್ನು ಹೊಸದಾಗಿ ಮಾಡಬೇಕಿತ್ತು. ಮೊದಲು ಎರಡು ಕಿವಿಗಳ ಥ್ರೆಡ್ ಯಾವುದೆಂದು ತಿಳಿಯಬೇಕು. 8 ಮಿಲಿಮೀಟರಿನ ಬೋಲ್ಟು ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಬಿಗಿಯಾಯಿತು. ಇಲ್ಲಿ ತುಕ್ಕೆಂದು ಭಾವಿಸಿ ಬಲವಾಗಿ ತಿರುಗಿಸಿದರೆ ಎರಕದೊಳಗಿನ ಥ್ರೆಡ್ ಕಿತ್ತುಬರುತ್ತದೆ. ಡಬ್ಬಿಯಲ್ಲಿದ್ದ ತುಕ್ಕಿನ ಬೋಲ್ಟೊಂದು ಕೊನೆಯವರೆಗೆ ಹೋಗುತ್ತಿದ್ದುದರಿಂದ ಅದರ ಹತ್ತು ಎಳೆಗಳ ಉದ್ದವನ್ನು ಕ್ಯಾಲಿಪರಿನಲ್ಲಿ ಅಳೆದೆ: 14.1 ಮಿಲಿಮೀಟರ್. 8 ಮಿಲಿಮೀಟರಿನ ಸಾಮಾನ್ಯ ಬೋಲ್ಟಿನಲ್ಲಿ ಅದು 12.5 ಇರುತ್ತದೆ. 14.1 ಎಂದರೆ ಅಂಗುಲಕ್ಕೆ 18 ಎಳೆ, ಅಂದರೆ ಇದು 5/16 ಅಂಗುಲದ ಬೋಲ್ಟು. ಅದರ ದಪ್ಪ 7.94 ಮಿಲಿಮೀಟರ್ ಇರುವುದರಿಂದ ಕಣ್ಣಿಗೂ ಬೆರಳಿಗೂ 8ರಂತೆಯೇ ತೋರುತ್ತದೆ. ಅಂಗುಲದ ಥ್ರೆಡ್ ಸಿಕ್ಕಿತೆಂದು ಯಂತ್ರ ಇಂಥ ದೇಶದ್ದೇ ಎಂದು ನಿರ್ಧರಿಸಲಾಗದು. 1841ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಟ್ವರ್ತ್ ಸೂಚಿಸಿದ ಅಂಗುಲದ ಥ್ರೆಡ್ಡುಗಳು ಇಂಗ್ಲೆಂಡಿನ ಹೊರಗೂ ಬಹುಕಾಲ ಬಳಕೆಯಲ್ಲಿದ್ದವು.

25 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು ಕಿವಿಯಿಂದ ಕಿವಿಗೆ ತಲುಪುವಷ್ಟು ಕತ್ತರಿಸಿ, ಎರಡು ತುದಿಗೆ ತೂತು ಹಾಕಿದೆ. ಪಟ್ಟಿಯು ತಿರುಗುವ ಬಿಲ್ಲೆಗೆ ತಾಗದಂತೆ ದೂರ ನಿಲ್ಲಲು ಎರಡೂ ಬೋಲ್ಟುಗಳಿಗೆ ಕೊಳವೆಯ ತುಂಡುಗಳನ್ನು ತೊಡಿಸಿದೆ. ನಡುವಿನ ತಿರುಪು ಬೀಸುವಾಗಿನ ತಳ್ಳನ್ನೆಲ್ಲ ಹೊರಬೇಕಾದ್ದರಿಂದ 6 ಮಿಲಿಮೀಟರ್ ದಪ್ಪದಲ್ಲಿ ಕೊರೆದ ಕೆಲವೇ ಎಳೆಗಳನ್ನು ನಂಬದೆ, ಪಟ್ಟಿಯ ಹೊರಬದಿಗೆ ಉದ್ದನೆಯ ನಟ್ಟೊಂದನ್ನು ವೆಲ್ಡ್ ಮಾಡಿಸಿದೆ. ಈ ಭಾಗ ಪೂರ್ತಿ ಹೊಸದಾದ್ದರಿಂದ ಇಲ್ಲಿ 8 ಮಿಲಿಮೀಟರಿನ ಸಾಮಾನ್ಯ ತಿರುಪನ್ನೇ ಹಾಕಿದೆ; ಒಂದು ಸುತ್ತಿಗೆ 1.25 ಮಿಲಿಮೀಟರ್ ಮುಂದೆ ಹೋಗುವುದರಿಂದ ಕಾಲುಸುತ್ತಿಗೆ ಬಿಲ್ಲೆಗಳ ಸಂದಿ ಸುಮಾರು 0.3 ಮಿಲಿಮೀಟರ್ ಬದಲಾಗುತ್ತದೆ. ತಿರುಗಿಸುವಾಗ ತಾನಾಗಿ ಸಡಿಲವಾಗದಿರಲು ಅದರ ಮೇಲೆ ಬಿಗಿಯುವ ಇನ್ನೊಂದು ನಟ್ಟು ಬೇಕು.

ದಂಡದ ತುದಿಯ ಹೊಳೆಯುವ ಕುಳಿಯಲ್ಲಿ ಏನು ಕೂರುತ್ತಿತ್ತೆಂದು ತಿಳಿಯಲು ಬೇರಿಂಗಿನ ಗುಂಡುಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. 5 ಮಿಲಿಮೀಟರಿನದು ಅಲುಗಾಡಿತು, 8ರದ್ದು ಅಂಚಿನ ಮೇಲೆ ಕೂತಿತು. ಕಾಲು ಅಂಗುಲದ, ಅಂದರೆ 6.35 ಮಿಲಿಮೀಟರಿನ ಗುಂಡು ಒಳಗಿಳಿದು, ಬೆರಳಿನಲ್ಲಿ ಒತ್ತಿದರೆ ನುಣ್ಣಗೆ ಸುತ್ತಿತು. ತಿರುಪಿನ ತುದಿಯಲ್ಲೂ ಅದೇ ಅಳತೆಯ ಆಳವಿಲ್ಲದ ಕುಳಿ ಕೊರೆದು, ನಡುವೆ ಗುಂಡನ್ನಿಟ್ಟೆ. ಗುಂಡಿಲ್ಲದೆ ತಿರುಪನ್ನೇ ದಂಡಕ್ಕೆ ಒತ್ತಿದರೂ ಯಂತ್ರ ತಿರುಗುತ್ತದೆ, ಆದರೆ ದಂಡದ ಸುತ್ತು ತಿರುಪನ್ನೂ ಎಳೆದುಕೊಂಡು ಹೋಗಿ ಸಂದಿಯ ಅಳತೆ ನಿಲ್ಲುವುದಿಲ್ಲ. ಅಡ್ಡಮೊಳೆಯನ್ನು ದಂಡದ ತೂತಿಗೆ ಸರಿಯಾಗಿ ಕೂರುವ ಉಕ್ಕಿನ ಸಲಾಕೆಯಿಂದ ಕತ್ತರಿಸಿ, ತುದಿಗಳನ್ನು ಅರದಿಂದ ದುಂಡಗೆ ಮಾಡಿದೆ.

ಜೋಡಿಸುವ ಮುನ್ನ ಅಲುಗದ ಬಿಲ್ಲೆಯ ಅಂಚಿಗೆಲ್ಲ ಸೀಮೆಸುಣ್ಣ ಹಚ್ಚಿ, ತಿರುಪನ್ನು ಬಿಲ್ಲೆಗಳು ಆಗಷ್ಟೆ ತಾಗುವಷ್ಟು ಬಿಗಿದು, ಕೈಯನ್ನು ಒಂದು ಸುತ್ತು ತಿರುಗಿಸಿ ಬಿಚ್ಚಿದೆ. ಸುಣ್ಣ ಮೂರು ಕಡೆ ಅಳಿಸಿ, ಹೆಂಟೆಯಿದ್ದ ಜಾಗದ ಎದುರು ಬದಿಯಲ್ಲಿ ಮಾತ್ರ ಉಳಿದಿತ್ತು. ಬಾಯಿಯ ತಗ್ಗನ್ನು ಇನ್ನೊಮ್ಮೆ ಬೆರಳಿನಿಂದ ಸವರಿ ನೋಡಿ, ಮೂಲೆಯಲ್ಲಿ ಕಚ್ಚಿಕೊಂಡಿದ್ದ ತುಕ್ಕಿನ ಪದರವನ್ನು ಕೆರೆದ ಮೇಲೆ ಸುಣ್ಣ ಸುತ್ತಲೂ ಸಮನಾಗಿ ಅಳಿಸಿತು. ಅಷ್ಟಾದರೂ ಸರಿಹೋಗದಿದ್ದರೆ ಬಿಲ್ಲೆಯ ಬೆನ್ನಿನ ತಗ್ಗುಬದಿಗೆ ಒಂದು ತೆಳುವಾದ ಉಕ್ಕಿನ ತಗಡಿನ ಚೂರನ್ನು ಕೊಡಬಹುದು. ಅಂಚನ್ನು ಅರದಿಂದ ಉಜ್ಜಿ ಸಮಮಾಡುವುದನ್ನು ನಾನು ಒಪ್ಪುವುದಿಲ್ಲ, ಅದರಿಂದ ಹೋಗುವ ಹಲ್ಲು ಮತ್ತೆ ಬರುವುದಿಲ್ಲ.

ಮೊದಲ ಬೀಸಿಗೆ ಒಣಗಿದ ಗೋಧಿಯನ್ನು ಹಾಕಿ, ಸಂದಿ ಅಗಲವಾಗಿಟ್ಟು ನುಚ್ಚು ಮಾಡಿದೆ. ಬಂದದ್ದು ಬೂದುಬಣ್ಣವಾಗಿತ್ತು. ಅದನ್ನು ಕಾಗದದ ಮೇಲೆ ಹರಡಿ, ಪ್ಲಾಸ್ಟಿಕ್ಕಿನ ಚೀಲದೊಳಗಿಟ್ಟ ಅಯಸ್ಕಾಂತವನ್ನು ಮೇಲೆ ಆಡಿಸಿದಾಗ ಕಪ್ಪು ಪುಡಿ ಗಡ್ಡದಂತೆ ಅಂಟಿತು. ಆ ನುಚ್ಚನ್ನೆಲ್ಲ ಎಸೆದೆ. ಹಿಡಿ ಹಿಡಿಯಾಗಿ ಹೊಸ ಕಾಳು ಹಾಕುತ್ತ, ಪ್ರತಿ ಸಲವೂ ಅಯಸ್ಕಾಂತ ಆಡಿಸುತ್ತ ಹೋದಂತೆ ಬಣ್ಣ ತಿಳಿಯಾಗಿ, ಕೊನೆಗೆ ಚೀಲದ ಮೇಲೆ ಏನೂ ಅಂಟದಾಯಿತು. ನಂತರ ನುಚ್ಚನ್ನೇ ಮತ್ತೆ ಬಾಯಿಗೆ ಹಾಕಿ, ಅರ್ಧಸುತ್ತು ಬಿಗಿದು ಬೀಸಿದೆ. ಒಂದೇ ಸಲಕ್ಕೆ ನುಣ್ಣಗೆ ಬೀಸಲು ಬಿಗಿದರೆ ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಕಬ್ಬಿಣದ ಪುಡಿ ಮತ್ತೆ ಬರುತ್ತದೆ, ಹಿಟ್ಟೂ ಬಿಸಿಯಾಗುತ್ತದೆ. ಕಾಳಿಲ್ಲದೆ ಕೈ ತಿರುಗಿಸಿದಾಗ ಕೀರಲು ಸದ್ದು ಕೇಳಿಸಿದರೆ ಸಂದಿ ಮುಚ್ಚಿದೆಯೆಂದೇ ಅರ್ಥ. ಎರಡು ಸಲ ಬೀಸಿ ಜರಡಿ ಹಿಡಿದಾಗ ಬಂದ ಹಿಟ್ಟು ಸುತ್ತಲೂ ಒಂದೇ ಸಮನಾಗಿ ಉದುರಿತ್ತು.

ಇದರಲ್ಲಿ ನೆನೆಸಿದ ಕಾಳನ್ನಾಗಲಿ, ಎಳ್ಳು, ನೆಲಗಡಲೆಯಂಥ ಎಣ್ಣೆಕಾಳನ್ನಾಗಲಿ ಬೀಸುವುದಿಲ್ಲವೆಂದು ನಿರ್ಧರಿಸಿದ್ದೇನೆ. ಅವು ಗೀರುಗಳಲ್ಲಿ ಮೆತ್ತಿಕೊಂಡು, ಬಿಲ್ಲೆಯ ಹಿಂದಕ್ಕೆ ನುಗ್ಗಿ, ಅದೇ ಹೆಂಟೆಯನ್ನು ಮತ್ತೆ ಕಟ್ಟುತ್ತವೆ. ಬಳಸಿದ ಮೇಲೆ ನೀರು ಸೋಕಿಸದೆ ಬ್ರಷ್ಷಿನಿಂದ ಒಣದಾಗಿ ಗುಡಿಸಿ, ಎರಡೂ ಬಿಲ್ಲೆಗಳನ್ನು ಬಿಚ್ಚಿ, ಆಹಾರಕ್ಕೆ ಬಳಸಬಹುದಾದ ಖನಿಜ ತೈಲವನ್ನು ತೆಳುವಾಗಿ ಸವರಿ ಬೇರೆಬೇರೆಯಾಗಿ ಇಡುತ್ತೇನೆ. ಅಡುಗೆ ಎಣ್ಣೆ ಸವರಿದರೆ ಕೆಲವು ವಾರಗಳಲ್ಲಿ ಅಂಟಾಗಿ ಕಮಟುವಾಸನೆ ಬರುತ್ತದೆ, ಮುಂದಿನ ಹಿಟ್ಟಿಗೂ ಅದು ಹತ್ತುತ್ತದೆ. ಬೇರಿಂಗಿನ ಗುಂಡು ಚಿಕ್ಕದಾಗಿದ್ದು ಉರುಳಿಹೋಗುವುದರಿಂದ, ಅದನ್ನೂ ಅಡ್ಡಮೊಳೆಯನ್ನೂ ಒಂದು ಸಣ್ಣ ಚೀಲಕ್ಕೆ ಹಾಕಿ ಹಿಡಿಕಟ್ಟಿಗೆ ಕಟ್ಟಿದ್ದೇನೆ. ಅದರ ಜೊತೆಗೆ ಥ್ರೆಡ್, ಗುಂಡು, ಬಿಲ್ಲೆಗಳ ಅಳತೆ ಬರೆದ ಚೀಟಿಯೂ ಇದೆ.